ಮಸಿ ಹಚ್ಚದ ಓಲೆ

"ಹೆದರಿದವನಿಗೆ ಏನು ದಾರಿ, ಗುರುಗಳೇ?" ಎಂದು ಕೇತಯ್ಯ ಕೇಳಿದ.

"ಯಾರು ಹೆದರಿದ್ದಾರೆ?"

"ಯಾರೂ ಇಲ್ಲ. ತಿಳಿದಿರಲಿ ಎಂದು ಕೇಳಿದೆ. ಧೈರ್ಯ ಬರುವ ತನಕ ಕಾಯಬೇಕೋ, ಇಲ್ಲ ಧೈರ್ಯ ಇರುವವನ ಹಾಗೆ ನಡೆದುಕೊಳ್ಳಬೇಕೋ?"

ಹೊಳೆಯಾಚೆಯ ಹಳ್ಳಿಯಲ್ಲಿ ಸಿಡುಬು ಎದ್ದಿತ್ತು. ರೋಗಿಗಳ ಆರೈಕೆಗೆ ಮರುದಿನ ಬೆಳಗ್ಗೆ ಮಠದಿಂದ ಹೊರಡಬೇಕಾದವನು ಕೇತಯ್ಯನೇ. ಕೇಳಿದಾಗ ಎಲ್ಲರಿಗಿಂತ ಮುಂದೆ ಬಂದು ಒಪ್ಪಿಕೊಂಡವನೂ ಅವನೇ. ಗುರುಗಳು ಆ ಮಾತು ಎತ್ತಲಿಲ್ಲ. ಒಂದು ಕತೆ ಹೇಳಿದರು.

ಒಂದೇ ವಂಶದ ಎರಡು ಮನೆಯವರು ಸಿಂಹಾಸನಕ್ಕಾಗಿ ಕಾದಲು ನಿಂತರು. ನಾಡುನಾಡಿನ ಅರಸರು ಆ ಕಡೆಗೊಬ್ಬರು ಈ ಕಡೆಗೊಬ್ಬರು ಹಂಚಿಹೋದರು. ಕವಿಗಳು ತಲೆಮಾರುಗಟ್ಟಲೆ ಹಾಡುತ್ತಾರಲ್ಲ, ಅಂಥ ಯುದ್ಧ. ಅಂಥ ಹಾಡಿನಲ್ಲಿ ಅರಸರ ಹೆಸರಿರುತ್ತದೆ, ಆನೆಗಳ ಹೆಸರೂ ಇರುತ್ತದೆ. ಕಾಲಾಳಿಗೆ ಹೆಸರಿರುವುದಿಲ್ಲ. ನಮ್ಮ ಕತೆ ಅಂಥ ಒಬ್ಬ ಕಾಲಾಳಿನದು.

ಅವನು ಹುಡುಗನಾಗಿದ್ದಾಗ ಊರಿನ ಮಕ್ಕಳಿಗೆ ಪಾಠ ಹೇಳುವ ಐಗಳ ಮನೆಯ ದನ ಕಾಯುತ್ತಾ ಅಕ್ಷರ ಕಲಿತಿದ್ದ. ದಂಡಿಗೆ ಸೇರಿದ ಮೇಲೆ ದಿನಕ್ಕೊಂದು ತಾಳೆಯೋಲೆ ಬರೆಯುವ ರೂಢಿ ಮಾಡಿಕೊಂಡ. ಅದಕ್ಕೆ ಒಂದು ನೇಮವಿತ್ತು. ಆದದ್ದನ್ನು ಬರೆಯುವುದು, ಬರೆದದ್ದನ್ನೇ ಓದುವುದು. ಸಂಜೆ ಅವನು ಓದಿದರೆ ಸುತ್ತಲಿನವರು ಕುಳಿತು ಕೇಳುತ್ತಿದ್ದರು. ತಾವೇ ಉಂಡ ಗಂಜಿಯ ಸುದ್ದಿಯನ್ನು ಓಲೆಯಿಂದ ಕೇಳಿದರೆ ಅವರಿಗೆ ಅದೇನೋ ಹಿಗ್ಗು.

ರಥವೊಂದರ ಎಡಗಾಲಿಯ ಕಾವಲು ಅವನದು. ರಥದ ಮೇಲಿನ ವೀರನ ಕಣ್ಣು ಎದುರಾಳಿಯ ಮೇಲೆ, ಸಾರಥಿಯ ಕಣ್ಣು ಕುದುರೆಗಳ ಮೇಲೆ. ಗಾಲಿಯನ್ನು ನೋಡುವವರು ಕಾಲಾಳುಗಳು ಮಾತ್ರ. ಶತ್ರು ನುಗ್ಗಿ ಅಚ್ಚಿನ ತುದಿಯ ಕೀಲು ಕಿತ್ತರೆ ಗಾಲಿ ಕಳಚುತ್ತದೆ, ರಥ ಮಗುಚುತ್ತದೆ, ಹತ್ತಿರ ಇದ್ದವರೆಲ್ಲ ಅದರಡಿ ಹೋಗುತ್ತಾರೆ. ಬಲಗಾಲಿಗೆ ಒಬ್ಬ ಹಿರಿಯನಿದ್ದ, ಕುಂಬಾರರವನು. ಇಬ್ಬರೂ ಒಬ್ಬರ ಬೆನ್ನನ್ನು ಒಬ್ಬರು ಕಾಯುತ್ತಾ ಓಡಬೇಕು. ಒಬ್ಬನಿಲ್ಲದಿದ್ದರೆ ಇನ್ನೊಬ್ಬನ ಬೆನ್ನು ಬಯಲು.

ಮರುದಿನ ಯುದ್ಧ. ಆ ಸಂಜೆ ಮಾತು ಕೇಳಿದರೆ ಬೀಡಿನಲ್ಲಿ ಹೆದರಿದವನು ಒಬ್ಬನೂ ಇರಲಿಲ್ಲ. ಎಲ್ಲರ ಕೈಯೂ ಮೀಸೆಯ ಮೇಲೆ. ಒಬ್ಬ ಹತ್ತು ತಲೆ ಉರುಳಿಸುವೆನೆಂದರೆ ಪಕ್ಕದವನು ಇಪ್ಪತ್ತು ಎನ್ನುತ್ತಿದ್ದ. ಮಾತಿಗೇನು ಸುಂಕವೇ? ನಮ್ಮವನೂ ಅವರ ಜೊತೆ ನಕ್ಕ. ಆಮೇಲೆ ಗಾಲಿಗೆ ಒರಗಿ ಕುಳಿತು ಓಲೆ ತೆಗೆದ.

ಓಲೆ ಬರೆಯುವುದನ್ನು ನೀನು ನೋಡಿದ್ದೀಯೆ. ಎಡಗೈಯಲ್ಲಿ ಓಲೆ, ಬಲಗೈಯಲ್ಲಿ ಕೊರೆಯುವ ಮೊನಚು ಕಬ್ಬಿಣದ ಕಂಟ. ಎಡ ಹೆಬ್ಬೆರಳು ಕಂಟಕ್ಕೆ ಒತ್ತುಕೊಟ್ಟು ನಡೆಸಬೇಕು. ಗೆರೆಯನ್ನು ನೇರ ಎಳೆದರೆ ಓಲೆ ಸೀಳುತ್ತದೆ, ಅದಕ್ಕೇ ಅಕ್ಷರಗಳನ್ನು ದುಂಡಗೆ ತಿರುಗಿಸುತ್ತಾರೆ. ಕೊರೆಯುವಷ್ಟು ಹೊತ್ತೂ ಅಕ್ಷರ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಎಣ್ಣೆಯಲ್ಲಿ ಕಲಸಿದ ಮಸಿ ಬಳಿದು ಬಟ್ಟೆಯಲ್ಲಿ ಒರಸಿದರೆ ಗೀರಿನೊಳಗೆ ಕಪ್ಪು ಉಳಿದು ಎದ್ದು ಕಾಣುತ್ತದೆ. ಅವನು ಕೊರೆದದ್ದು ಇಷ್ಟು:

"ಇಂದು ಎರಡೂ ಕಡೆಯವರು ಕೂಡಿ ಕಟ್ಟುಪಾಡು ಸಾರಿದರು. ಹೊತ್ತು ಹುಟ್ಟಿದ ಮೇಲೆ ಕಾದಾಟ, ಹೊತ್ತು ಮುಳುಗಿದರೆ ನಿಲುಗಡೆ. ರಥದವನು ರಥದವನೊಡನೆ, ಕಾಲಾಳು ಕಾಲಾಳಿನೊಡನೆ. ಆಯುಧ ಕೆಳಗಿಟ್ಟವನನ್ನೂ ಭೇರಿ ಬಾರಿಸುವವನನ್ನೂ ಹೊಡೆಯಕೂಡದು. ಧೂಳಿನಲ್ಲಿ ಮುಖ ಕಾಣದಾಗ ನಮ್ಮವರೆಂದು ತಿಳಿಯಲು ಕೂಗುವ ಮಾತೊಂದನ್ನು ಹೇಳಿಕೊಟ್ಟರು. ಗಾಲಿಗೆ ಕೀಲೆಣ್ಣೆ ಹಾಕಿದೆವು. ಗುರಾಣಿಯ ಪಟ್ಟಿ ಸಡಿಲವಾಗಿತ್ತು, ಹೊಲಿದೆ. ಅನ್ನಕ್ಕೆ ತುಪ್ಪ ಬಡಿಸಿದರು. ಎಂದೂ ಇಲ್ಲದ ತುಪ್ಪ ಇಂದೇಕೆಂದು ಯಾರೂ ಕೇಳಲಿಲ್ಲ. ನನಗೆ ತುತ್ತು ಇಳಿಯಲಿಲ್ಲ. ನನಗೆ ಭಯವಾಗಿದೆ. ಕತ್ತಲಾದ ಕೂಡಲೇ ನೀರಿಗೆಂದು ಹೊಳೆಗೆ ಹೋಗಿ ಹಾಗೇ ಊರಿನ ದಾರಿ ಹಿಡಿಯುತ್ತೇನೆ."

ಕೊನೆಯ ಮಾತು ಇನ್ನೂ ಆದದ್ದಲ್ಲ. ನೇಮ ತಪ್ಪಿತೆಂದು ಅವನಿಗೆ ಗೊತ್ತು. ಆದರೆ ಕೈ ಅದನ್ನು ಕೊರೆದುಬಿಟ್ಟಿತ್ತು. ಬದುಕಿದರೆ ಬೇಡಿ ತಿಂದೇನು ಎಂದುಕೊಂಡು ಓಲೆಯನ್ನು ಮಸಿ ಹಚ್ಚದೆಯೇ ಸೊಂಟಕ್ಕೆ ಸಿಕ್ಕಿಸಲು ಹೋದ. ಅಷ್ಟರಲ್ಲಿ ಕುಂಬಾರ ಬಂದು ಪಕ್ಕದಲ್ಲಿ ಕುಳಿತ.

"ಓದು ತಮ್ಮಾ, ಕೇಳಾನ."

"ಮಸಿ ಮುಗಿದೈತಣ್ಣ. ಅಕ್ಷರ ಕಾಣಾಕಿಲ್ಲ."

ಕುಂಬಾರ ಸುಮ್ಮನಾಗುವ ಆಸಾಮಿಯಲ್ಲ. ಓಲೆಯನ್ನು ಕಿತ್ತುಕೊಂಡು, ಗಾಲಿಯ ಕರಿ ಕೀಲೆಣ್ಣೆಯನ್ನು ಬೆರಳಲ್ಲಿ ತೆಗೆದು ಉದ್ದಕ್ಕೂ ಬಳಿದ. ಪಂಚೆಯ ಸೆರಗಿನಿಂದ ಒರಸಿದ. ಅಕ್ಷರಗಳು ಒಂದೊಂದಾಗಿ ಕಪ್ಪಗೆ ಎದ್ದು ನಿಂತವು. ಅವನಿಗೆ ಅಕ್ಷರ ಬಾರದು. ಓಲೆಯನ್ನು ಹಿಂದಕ್ಕೆ ಕೊಟ್ಟು ಕಿವಿಗೊಟ್ಟು ಕುಳಿತ.

ಕಾಲಾಳು ಓಲೆಯನ್ನು ಬೆಳಕಿಗೆ ಹಿಡಿದ. ಓಡಿದವನ ತಲೆಯನ್ನು ಬಿದಿರಿನ ತುದಿಗೆ ಏರಿಸುವುದಾಗಿಯೂ, ತಿಳಿದೂ ಹೇಳದವನ ತಲೆಯನ್ನು ಅದರ ಪಕ್ಕದಲ್ಲೇ ಏರಿಸುವುದಾಗಿಯೂ ಬೆಳಗ್ಗೆ ಡಂಗುರ ಹೊಡೆದಿದ್ದರು. ಇದ್ದದ್ದನ್ನು ಓದಿದರೆ ತನ್ನ ಕುತ್ತಿಗೆ ಇವನ ಕೈಯಲ್ಲಿ. ಏನನ್ನೋ ಕಟ್ಟಿ ಹೇಳಿದರೆ ಇವನಿಗೆ ತಿಳಿಯುವುದೂ ಇಲ್ಲ. ಸಿಂಹದ ಹಾಗೆ ಕಾದುತ್ತೇವೆ ಎಂದು ಓದಿದರೆ ಈ ಮುದುಕ ನಂಬಿ ನೆಮ್ಮದಿಯಾಗಿ ಮಲಗಿಯಾನು, ಬೆಳಗ್ಗೆ ಎದ್ದು ಎಡಗಾಲಿಯ ಕಡೆ ನೋಡದೆಯೇ ರಥದ ಹಿಂದೆ ಓಡಿಯಾನು. ಹಾಗೆ ಓಡಿದರೆ ಅವನ ಬೆನ್ನು ಬಯಲೆಂದು ಕಾಲಾಳಿಗೆ ಹೊಳೆಯಿತು. ಇದ್ದದ್ದನ್ನು ಇದ್ದ ಹಾಗೆ ಓದಿದ. ಕೊನೆಯ ಮಾತನ್ನೂ ಓದಿದ.

ಕುಂಬಾರ ಬೆರಳಿನ ಕೀಲೆಣ್ಣೆಯನ್ನು ಪಂಚೆಗೆ ಒರಸಿಕೊಂಡ. ಆಮೇಲೆ ಹೇಳಿದ:

"ನಾನು ಹೊತ್ತು ಇಳಿಯೋಕೆ ಮುಂಚೇನೇ ಗಂಟು ಕಟ್ಟಿದ್ದೆ ತಮ್ಮಾ. ನೀನು ತಣ್ಣಗೆ ಕುಂತು ಬರೆಯಾದು ಕಂಡೆ. ಇವನಿಗೆ ಇಲ್ಲದ ಭಯ ನನಗ್ಯಾಕೆ ಅಂತ ನಾಚಿಕೆ ಆಗಿ ಬಿಚ್ಚಿದೆ."

ಕಾಲಾಳಿಗೆ ನಗು ಬಂತು. ಕುಂಬಾರನೂ ನಕ್ಕ. ಇಬ್ಬರ ಕಣ್ಣಲ್ಲೂ ನೀರು ಬರುವಷ್ಟು ನಕ್ಕರು. ಭಯ ಹೋಯಿತೇ ಎಂದರೆ, ಇಲ್ಲ. ಆದರೆ ಈಗ ಹಸಿವಾಯಿತು. ಉಳಿದಿದ್ದ ಅನ್ನವನ್ನು ತಂದು ಹಂಚಿಕೊಂಡು ಉಂಡರು.

"ಆ ಕೊನೇ ಮಾತಿನ ಮ್ಯಾಲೆ ಚುಕ್ಕಿ ಇಟ್ಬಿಡು" ಎಂದ ಕುಂಬಾರ. ಓಲೆಯಲ್ಲಿ ಕೊರೆದದ್ದನ್ನು ಅಳಿಸಲು ಬಾರದು. ತಪ್ಪಾದ ಅಕ್ಷರದ ಮೇಲೆ ಚುಕ್ಕಿ ಇಟ್ಟರೆ ಓದಬೇಡ ಎಂದು ಅರ್ಥ.

"ತಪ್ಪು ಬರೆದ್ರೆ ಚುಕ್ಕಿ ಇಡ್ತಾರಣ್ಣ. ಇದು ತಪ್ಪಲ್ಲ, ನನಗೆ ಅನ್ಸಿದ್ದು ಹಂಗೇ" ಎಂದ ಕಾಲಾಳು.

ಉಳಿದಿದ್ದ ಜಾಗದಲ್ಲಿ, ಇದ್ದಷ್ಟು ಬೆಳಕಿನಲ್ಲಿ, ಇನ್ನೊಂದು ಸಾಲು ಕೊರೆದ: "ಬಲಗಾಲಿಯ ಅಣ್ಣನಿಗೂ ಭಯವಾಗಿದೆ. ಕತ್ತಲಾಯಿತು. ಇಬ್ಬರೂ ಗಾಲಿಯ ಬಳಿಯೇ ಇದ್ದೇವೆ." ಅದಕ್ಕೂ ಕುಂಬಾರನೇ ಕೀಲೆಣ್ಣೆ ಬಳಿದ. ಬೆಳಗ್ಗೆ ಶಂಖ ಊದಿದಾಗ ಅವನು ಎಡಕ್ಕೆ ತಿರುಗಿ ನೋಡಿದ. ಎಡಗಾಲಿಯ ಪಕ್ಕದಲ್ಲಿ ಕಾಲಾಳು ಗುರಾಣಿ ಹಿಡಿದು ನಿಂತಿದ್ದ. ರಥ ಹೊರಟಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಕೇತಯ್ಯ ಕೇಳಿದ, "ಮರುದಿನ ಸಂಜೆಯವರೆಗೆ ಅವರು ಬದುಕಿದರೇ, ಗುರುಗಳೇ?"

"ಅದು ನಾಳೆಯ ಓಲೆ, ಕೇತಯ್ಯ. ನೀನು ನಿನ್ನ ಇವತ್ತಿನದನ್ನು ಇದ್ದ ಹಾಗೆ ಓದು."