ಸಾಹೇಬರ ಗಡ್ಡಕ್ಕೆ ಒಂದು ವೋಟು

ನಮ್ಮ ಚಿಕ್ಕಮ್ಮ ಒಂದು ಸರ್ಕಾರಿ ಕಚೇರೀಲಿ ಗುಮಾಸ್ತೆ. ಒಂದಿನ ಅವರ ಸಾಹೇಬರು ಚಂದ್ರಮೌಳಿ ತಮ್ಮ ಫೋನನ್ನ ಅವರ ಮುಂದಿಟ್ರು. ದನದ ಡಾಕ್ಟ್ರು ವೈಜಯಂತಿ ಜೊತೆ ಸಾಹೇಬರದು ತಿಂಗಳಿಂದ ಮೆಸೇಜಲ್ಲಿ ಕೀಟಲೆ ಮಾತು ನಡೀತಿತ್ತು. ಈಗ ಒಂಬತ್ತು ದಿನದಿಂದ ಡಾಕ್ಟ್ರ ಸದ್ದೇ ಇಲ್ಲ.

"ಇದನ್ನ ತಿದ್ದಿ ಕೊಡಮ್ಮ. ಅವರ ಉತ್ತರ ಬರೋವರೆಗೂ ನಿನ್ನ ರಜಾ ಅರ್ಜಿಗೆ ಸಹಿ ಇಲ್ಲ!"

ಕಳಿಸೋಕೆ ಅಂತ ಸಾಹೇಬರು ಬರೆದಿಟ್ಟಿದ್ರು: "ಒಂಬತ್ತು ದಿನದಿಂದ ಉತ್ತರವಿಲ್ಲ. ಕಾರಣ ತಿಳಿಸತಕ್ಕದ್ದು."

"ಸರ್, ಇದು ನೋಟಿಸು," ಅಂದ್ರು ಚಿಕ್ಕಮ್ಮ. ಹಳೇ ಮೆಸೇಜು ನೋಡಿದ್ರು. ಡಾಕ್ಟ್ರು ಕೊನೇಲಿ "ನಿಮ್ಮ ಗಡ್ಡ ಥೇಟ್ ನಮ್ಮ ಆಸ್ಪತ್ರೆಗೆ ಬರೋ ಹೋತದ್ದೇ" ಅಂದಿದ್ರು. ಅದಕ್ಕೆ ಸಾಹೇಬರು "ಸರಿ" ಅಂದಿದ್ರು.

"ಮಾತು ಮುಗಿಸಿದ್ದು ನೀವೇ ಸರ್! ದಿನದ ಲೆಕ್ಕ ಬಿಡಿ. ಅವರ ತಮಾಷೆಯನ್ನೇ ಮುಂದುವರಿಸಿ. ಎದುರುಗಡೆ ಸೆಲೂನಲ್ಲಿ ಕೂತು ಒಂದು ಫೋಟೋ ಕಳಿಸಿ."

ಫೋಟೋ ಜೊತೆಗೆ ಹಾಕೋಕೆ ಚಿಕ್ಕಮ್ಮನೇ ಬರೆದುಕೊಟ್ರು: "ಡಾಕ್ಟ್ರೇ, ಹೋತ ಕತ್ತರಿ ಕೆಳಗೆ ಕೂತಿದೆ. ಗಡ್ಡ ಇರ್ಲೋ, ಹೋಗ್ಲೋ? ನಿಮ್ಮ ವೋಟು?"

ಹತ್ತು ನಿಮಿಷಕ್ಕೆ ಸೆಲೂನಿಂದ ಸಾಹೇಬರ ಫೋನು. "ಉತ್ತರ ಇಲ್ಲಮ್ಮ! ನೋಡಿದ್ರಾ ಅಂತ ಇನ್ನೊಂದು ಹಾಕ್ಲಾ?"

"ಬೇಡ ಸರ್. ಅವರಿಗೂ ಕೆಲಸ ಇರುತ್ತೆ. ಉತ್ತರ ಕೊಡೋದು ಬಿಡೋದು ಅವರಿಷ್ಟ. ನೀವು ಪೇಪರ್ ಓದಿ."

ಒಂದು ಗಂಟೆ ಆದ್ಮೇಲೆ ಸಾಹೇಬರು ಕುತ್ತಿಗೆಗೆ ಕಟ್ಟಿದ ಬಟ್ಟೆ ಸಮೇತ ರಸ್ತೆ ದಾಟಿ ಓಡಿಬಂದ್ರು. ಡಾಕ್ಟ್ರು ಬರೆದಿದ್ರು: "ಮುಟ್ಟಬೇಡಿ! ಭಾನುವಾರ ಕಾಫಿಗೆ ಬನ್ನಿ, ಪರೀಕ್ಷೆ ಮಾಡಿ ಹೇಳ್ತೀನಿ."

ಸಾಹೇಬರು ರಜಾ ಅರ್ಜಿ ಎಳ್ಕೊಂಡು ಸಹಿ ಹಾಕಿದ್ರು. "ಎರಡು ದಿನ ಸಾಕೇನಮ್ಮ? ನಾಲ್ಕು ತಗೋ!"

"ಆಗ್ಲಿ ಸರ್," ಅಂದ್ರು ಚಿಕ್ಕಮ್ಮ. "ಆದ್ರೆ ಭಾನುವಾರ ಕಾಫಿ ಮಧ್ಯೆ ನಂಗೆ ಫೋನ್ ಮಾಡಬೇಡಿ."