ಸಂಕವ್ವನ ಹೆರಳು

ಹೊಳೆದಂಡೆಯ ಮೇಲೆ ಒಂದು ಹರಿಗೋಲು ಬೋರಲಾಗಿ ಬಿದ್ದಿತ್ತು.

ಅದನ್ನು ನಡೆಸುತ್ತಿದ್ದ ಮುದುಕ ತೀರಿಹೋಗಿದ್ದ. ಅವನ ಹೆಂಡತಿ ಸಂಕವ್ವನಿಗೆ ಹಿಂದೆಯೇ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಗಂಡ ಇರುವತನಕ ಅವನೇ ನೋಡಿಕೊಂಡ. ಈಗ ಆ ಕೆಲಸ ಒಬ್ಬನೇ ಮಗ ಬರಮಪ್ಪನ ಪಾಲಿಗೆ ಬಂದಿತ್ತು. ಅಣ್ಣತಮ್ಮಂದಿರಿಲ್ಲ, ಮದುವೆಯಿಲ್ಲ. ಅವ್ವನನ್ನು ಬಿಟ್ಟು ಅವನು ಹೊಳೆಗೆ ಇಳಿದಿರಲಿಲ್ಲ.

ದಂಡೆಯ ಆಶ್ರಮದ ಗುರುಗಳು ಶಿಷ್ಯ ಮುರಿಗಯ್ಯನನ್ನು ಕರೆದರು.

“ನೀರು ಕಾಣದ ಹರಿಗೋಲು ಬಿರೀತದ. ಬರಮಪ್ಪಗ ಆಸರಾಗು, ಹೋಗು.”

ಮುರಿಗಯ್ಯ ಹೋದ. ಜಗುಲಿಯ ಮೇಲೆ ಕುಳಿತು, ದೇಹ ಎಂಬುದು ನೀರ ಮೇಲಿನ ಗುಳ್ಳೆ ಎಂದು ಬಹಳ ಹೊತ್ತು ಹೇಳಿದ. ಬರಮಪ್ಪ ತಲೆಯಾಡಿಸಿದ. ನಡುನಡುವೆ ಒಳಗೆ ಎದ್ದು ಹೋಗಿ ಬಂದ.

ಮರಳಿ ಬಂದವನನ್ನು ಗುರುಗಳು ಕೇಳಿದರು: “ಏನು ಕೊಟ್ಟ?”

“ಚಹಾ ಕೊಟ್ಟ, ಅಜ್ಜಾರ. ಚುರುಮುರಿ ಕೊಟ್ಟ.”

“ಲೋಟ ಯಾರು ತೊಳೆದ್ರು?”

“ಅವನೇ ತೊಳೆದ.”

“ಹಂಗಾದ್ರ ನೀ ಹೋಗಿದ್ದು ಅವನಿಗೆ ಕೆಲಸ ಕೊಡಾಕ.”

ಮರುದಿನ ಮುರಿಗಯ್ಯ ಜಗುಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು, “ಬರಮಪ್ಪ, ಏನರ ಬೇಕಾದ್ರ ಹೇಳಪಾ” ಎಂದ.

“ಆತ್ರಿ ಸ್ವಾಮಿ” ಎಂದ ಬರಮಪ್ಪ. ಅವನ ಕೈಯಲ್ಲಿ ಒದ್ದೆ ದುಪ್ಪಟಿ ಇತ್ತು.

ಆ ಮಧ್ಯಾಹ್ನ ಊಟದ ಸಾಲಿನಲ್ಲಿ ಗುರುಗಳೇ ಬಡಿಸಿದರು. ಎಲ್ಲರಿಗೂ ರೊಟ್ಟಿ ಬಿತ್ತು. ಮುರಿಗಯ್ಯನ ತಾಟಿನ ಮುಂದೆ ಬುಟ್ಟಿ ಇಳಿಸಿ, ಮೇಲೆ ಬಟ್ಟೆ ಮುಚ್ಚಿ, “ಏನರ ಬೇಕಾದ್ರ ಹೇಳಪಾ” ಎಂದು ಮುಂದೆ ಹೋದರು.

ಮುರಿಗಯ್ಯ ಬಾಯಿ ತೆರೆದ. ಸಾಲಿನಲ್ಲಿ ಎಲ್ಲರೂ ನೋಡುತ್ತಿದ್ದರು. ಬಾಯಿ ಮುಚ್ಚಿದ. ಆವತ್ತು ಅವನು ನೀರು ಕುಡಿದು ಎದ್ದ.

ಮೂರನೆಯ ಸಲ ಅವನು ಏನೂ ಕೇಳಲಿಲ್ಲ. ಅಂಗಳದ ಕೊಡ ಎತ್ತಿಕೊಂಡು ಹೊಳೆಗೆ ಹೋದ. ದುಪ್ಪಟಿ ಒಗೆದು ಹಾಕಿದ. ಆಮೇಲೆ ಒಳಗೆ ಬಂದು ಸಂಕವ್ವನನ್ನು ಎಬ್ಬಿಸಲು ಎಡಗೈ ಹಿಡಿದು ಎಳೆದ.

ಸಂಕವ್ವ ಬಲಗೈಯಿಂದ ಅವನ ಬೋಳುತಲೆಗೆ ಒಂದು ಬಿಟ್ಟಳು.

“ಬಿದ್ದ ಕೈ ಅದು. ಬುಡಸಮೇತ ಕಿತ್ತು ಆಶ್ರಮಕ್ಕ ಒಯ್ಯಬೇಕಂತಿ ಏನು?”

“ಆ ಕೈ ಎಳೀಬಾರದ್ರಿ” ಎಂದ ಬರಮಪ್ಪ. “ಭುಜ ಜಾರತೈತಿ. ಹಿಂಗ ನೋಡ್ರಿ.”

ತೋರಿಸಿಕೊಟ್ಟ. ಮೊದಲು ಮಗ್ಗುಲಿಗೆ ಹೊರಳಿಸಬೇಕು, ಕಾಲು ಕೆಳಗಿಳಿಸಿ ಕೂಡ್ರಿಸಬೇಕು. ಆಮೇಲೆ ಸೊಂಟಕ್ಕೆ ಕೈ ಹಾಕಬೇಕು. ಬಿದ್ದ ಕಾಲು ಮಡಚದಂತೆ ಅದರ ಮೊಣಕಾಲಿಗೆ ನಮ್ಮ ಮೊಣಕಾಲು ಆನಿಸಬೇಕು. ಗಟ್ಟಿ ಕಾಲಿನ ಮೇಲೆ ನಿಲ್ಲಿಸಿ, ಕುರ್ಚಿಯತ್ತ ತಿರುಗಿಸಬೇಕು. ತುತ್ತು ಸಣ್ಣದಿರಬೇಕು, ಬಾಯಿಯ ಬಲಮಗ್ಗುಲಿಗೆ ಇಡಬೇಕು, ನುಂಗಿದ್ದು ನೋಡಿ ಇನ್ನೊಂದು. ಮಲಗಿದಾಗ ಆಗಾಗ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ರಾತ್ರಿಯೂ ಏಳಬೇಕು.

“ಇಷ್ಟೂ ಯಾರು ಕಲಿಸಿದ್ರು?”

“ಅಪ್ಪ ಮಾಡೂದು ನೋಡಿದ್ದೆ.”

ಸಂಕವ್ವನ ತಲೆ ಮಾತ್ರ ಹಕ್ಕಿಗೂಡಾಗಿತ್ತು. ಮುರಿಗಯ್ಯ ಅದನ್ನು ಕಂಡ. ಕೇಳಲಿಲ್ಲ.

“ನಾ ಕೂತಿರತೀನಿ. ನೀ ಹೊರಗ ಹೋಗಿ ಬಾ, ಬರಮಪ್ಪ.”

ಬರಮಪ್ಪ ಹೊಸ್ತಿಲ ತನಕ ಹೋದ. ಅಲ್ಲೇ ಕುಳಿತ. ಒಳಗಿನ ಒಂದೊಂದು ಸಪ್ಪಳಕ್ಕೂ ತಿರುಗಿ ನೋಡಿದ.

ಸಂಜೆ ಮುರಿಗಯ್ಯ ಗುರುಗಳ ಮುಂದೆ ನಿಂತ. “ಎಲ್ಲಾ ಮಾಡಿದೆ, ಅಜ್ಜಾರ. ಆದರೂ ಅವ ಹೊಸ್ತಿಲು ಬಿಟ್ಟು ಏಳವಲ್ಲ.”

“ಓಣಿಯವರು ಬರತಾರೇನು?”

“ಬರತಾರ. ‘ಅವ್ವ ಹೆಂಗದಾಳ’ ಅಂತ ಕೇಳತಾರ, ಹೋಗತಾರ. ನಾನೂ ಅದನ್ನ ಕೇಳಿದೆ.”

“ಸತ್ತವರು ಯಾರು?”

“ಅವನ ಅಪ್ಪ.”

“ಹೆಸರೇನು?”

ಮುರಿಗಯ್ಯ ಆಶ್ರಮಕ್ಕೆ ಬಂದ ದಿನದಿಂದ ಆ ಮುದುಕನ ಹರಿಗೋಲಿನಲ್ಲಿ ದಾಟಿದ್ದ. ಹೆಸರು ಗೊತ್ತಿರಲಿಲ್ಲ.

ಗುರುಗಳು ಕಣ್ಣು ಮುಚ್ಚಿದರು.

ಬೆಳಿಗ್ಗೆ ಅವನು ನೀರು ತಂದ, ಒಗೆದ. ಆಮೇಲೆ ಹೊಸ್ತಿಲ ಮೇಲೆ ಬರಮಪ್ಪನ ಪಕ್ಕದಲ್ಲಿ ಕುಳಿತ.

“ನಿಮ್ಮಪ್ಪನ ಹೆಸರೇನು?”

ಬರಮಪ್ಪ ಅವನನ್ನೇ ನೋಡಿದ. “ಹುಲಗಪ್ಪ” ಎಂದ. ಎಷ್ಟೋ ದಿನದಿಂದ ಬಾಯಿಗೆ ಬಾರದ ಹೆಸರು ಅದು.

“ಹೆಂಗಿದ್ದ?”

“ಹುಟ್ಟು ಹಾಕುವಾಗ ಸಿಳ್ಳಿ ಹೊಡೀತಿದ್ದ. ಹೊಡೀತಿದ್ದ ಅನಸತೈತಿ. ಅಣ್ಣನೋ ತಂಗಿನೋ ಇದ್ರ ಕೇಳಬಹುದಿತ್ತು, ಹೌದಲ್ಲೋ ಅಂತ. ನಾ ಮರೆತ್ರ ಮರೆತಂಗ.”

“ಅವ್ವನ್ನ ಕೇಳಲಿಲ್ಲೇನು?”

“ಆಕಿ ಮುಂದ ಹೆಂಗ ಎತ್ತಲಿ? ಅಳತಾಳ.”

ಒಳಗಿನಿಂದ ದನಿ ಬಂತು. “ಸಿಳ್ಳಿ ಎಲ್ಲಿದು? ಮುಂದಿನ ಹಲ್ಲು ಬಿದ್ದಿತ್ತು. ಗಾಳಿ ಹೋಗತಿತ್ತು.”

ಬರಮಪ್ಪ ತಿರುಗಿದ.

“ಅದನ್ನ ಹಾಡು ಅಂತ ಹೇಳಕೋತ ತಿರುಗಿದ” ಎಂದಳು ಸಂಕವ್ವ. “ನೀನೂ ಅವನ ಹೆಸರು ಎತ್ತಲಿಲ್ಲ. ಮಗ ಅಳತಾನಂತ ನಾನೂ ಬಾಯಿ ಮುಚ್ಚಿದ್ದೆ.”

ಬರಮಪ್ಪ ನಕ್ಕ. ನಗುತ್ತ ನಗುತ್ತ ಅವನ ಭುಜ ಅಲುಗತೊಡಗಿತು. ಅದು ನಗುವಾಗಿ ಉಳಿಯಲಿಲ್ಲ. ಒಳಗೆ ಸಂಕವ್ವನಿಗೂ ಹಾಗೇ ಆಯಿತು.

ನೀರ ಮೇಲಿನ ಗುಳ್ಳೆಯ ಮಾತು ಮುರಿಗಯ್ಯನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಎದ್ದು ಹೋಗಿ ಚಹಾಕ್ಕೆ ಇಟ್ಟ. ಕುಡಿದ ಮೇಲೆ ಲೋಟ ತೊಳೆದ.

“ಸೋಮವಾರ, ಗುರುವಾರ ನಾ ಇಲ್ಲಿ ಬರತೀನಿ” ಎಂದ. “ನೀ ಕರೀಬ್ಯಾಡ. ಬ್ಯಾಡ ಅಂದ್ರೂ ಬರತೀನಿ. ಬಿಸಿಲು ಇಳಿಯೂತನಕ ಅವ್ವ ನನ್ನ ಪಾಲು.”

“ಅವ್ವ ಬ್ಯಾರೇದವರ ಕೈ ಒಪ್ಪಂಗಿಲ್ರಿ.”

“ನಾ ಯಾವಾಗ ಹಂಗಂದೆ?” ಎಂದಳು ಸಂಕವ್ವ. “ನೀ ಒಪ್ಪಂಗಿಲ್ಲ. ಹೋಗು, ಹೊಳಿ ನೋಡು. ನಿನ್ನ ಮಾರಿ ನೋಡಿ ನೋಡಿ ನನಗೂ ಬ್ಯಾಸರ ಬಂದೈತಿ.”

ಸೋಮವಾರ ಮುರಿಗಯ್ಯ ಬಂದ. ಬರಮಪ್ಪ ಅಂಗಳದ ತುದಿಯಿಂದ ಎರಡು ಸಲ ಮರಳಿ ಬಂದ. ಎರಡು ಸಲವೂ ಸಂಕವ್ವ ಬೈದು ಅಟ್ಟಿದಳು. ಆಮೇಲೆ ಅವನು ಬರಲಿಲ್ಲ.

“ಸ್ವಾಮಿ, ಮಾಡದಾಗ ಬಾಚಣಿಕಿ ಐತಿ” ಎಂದಳು ಸಂಕವ್ವ.

ಮುರಿಗಯ್ಯ ಗೋಡೆಯ ಗೂಡಿನಿಂದ ಬಾಚಣಿಗೆ ತೆಗೆದ. ಅದರ ಯಾವ ಕಡೆ ಕೂದಲಿಗೆ ಎಂದು ನೋಡಿದ.

“ದಿನಾ ಮುಂಜಾನೆ ನನ್ನ ಗಂಡ ಹೆರಳು ಹಾಕತಿದ್ದ. ಮಗನಿಗೆ ಎಲ್ಲಾ ಬರತೈತಿ, ಇದೊಂದಕ್ಕ ಕೈ ಹಚ್ಚವಲ್ಲ. ಅಪ್ಪನ ಕೆಲಸ ಅಂತಾನ. ನಾನೂ ಕೇಳಲಿಲ್ಲ.” ಮುಖ ಅತ್ತ ತಿರುಗಿಸಿದಳು. “ಮೂರು ಎಳಿ ಮಾಡು. ಹಗ್ಗ ಹೊಸಿಬ್ಯಾಡ, ಹೆಣಿ.”

ಮುರಿಗಯ್ಯ ಹೆಣೆದ. ಬಿಚ್ಚಿತು. ಮತ್ತೆ ಹೆಣೆದ. ಹೆರಳು ಒಂದು ಕಿವಿಯ ಹಿಂದೆ ಹುಟ್ಟಿ ಇನ್ನೊಂದು ಭುಜಕ್ಕೆ ಬಂದು ಮುಗಿಯಿತು.

ಬಿಸಿಲು ಇಳಿದ ಮೇಲೆ ಬರಮಪ್ಪ ಬಂದ. ಧೋತರ ತೊಯ್ದಿತ್ತು. ಕೈಯಲ್ಲಿ ಎರಡು ಮೀನಿದ್ದವು. ಅವ್ವನ ತಲೆ ನೋಡಿದ.

“ಇದೇನವ್ವ ಇದು?”

“ಬೋಳುತಲಿಯವ ಹಾಕಿದ್ದು. ಛಂದ ಬೇಕಾದ್ರ ನೀ ಕಲಿ.”

ಬರಮಪ್ಪ ಮೀನು ಕೆಳಗಿಟ್ಟ. ಕೈ ತೊಳೆದು ಬಂದು, ಅವ್ವನ ಹಿಂದೆ ಕುಳಿತು ಹೆರಳು ಬಿಚ್ಚಿದ.

ಮುರಿಗಯ್ಯ ಕತ್ತಲಾಗುವ ಮೊದಲೇ ಆಶ್ರಮಕ್ಕೆ ಓಡಿಬಂದ.

“ಅಜ್ಜಾರ, ಸಂಕವ್ವಗ ಹೆರಳು ಹಾಕಿದೆ. ಹರಿಗೋಲು ನೀರಿಗಿಳೀತು. ತಾಯಿ ಮಗ ಹುಲಗಪ್ಪನ ಮಾತು ಆಡತಾರ, ನಗತಾರ. ಇನ್ನ ನಾ ಎಷ್ಟು ದಿನ ಹೋಗಬೇಕ್ರಿ?”

ಗುರುಗಳು ಅವನ ಬೋಳುತಲೆಯನ್ನು ನೋಡಿದರು.

“ಸಂಕವ್ವನ ಕೂದಲ ಬೆಳಿಯೂದು ನಿಂತ ದಿನ ಬಂದು ಕೇಳು.”