ಕೊಕ್ಕರೆ ಅಜ್ಜಿಯ ಗಿಡ್ಡ ನೆರಳು

ಕೆರೆಯ ದಡದಲ್ಲಿ ಕೊಕ್ಕರೆ ಅಜ್ಜಿ ಮೊಮ್ಮಗಳು ಚುಂಚಿಗೆ ನೆರಳು ನೋಡಿ ಹೊತ್ತು ಹೇಳುವುದನ್ನು ಕಲಿಸುತ್ತಿದ್ದಳು.

"ನೆರಳು ಮೂಡಣಕ್ಕೆ ಬಿದ್ದಿದೆ, ಅಂದರೆ ಮಧ್ಯಾಹ್ನ ಕಳೆದಿದೆ. ಈಗ ನೆಟ್ಟಗೆ ನಿಲ್ಲು. ನೆರಳಿನ ತುದಿ ಎಲ್ಲಿ ಬಿತ್ತೆಂದು ಗುರುತಿಟ್ಟುಕೊಂಡು, ಅಲ್ಲಿಯವರೆಗೆ ಪಾದಕ್ಕೆ ಪಾದ ಸೇರಿಸಿ ಅಳೆ. ನಿನ್ನ ಎತ್ತರ ನಿನ್ನದೇ ಏಳು ಪಾದ. ನೆರಳೂ ಏಳಿದ್ದರೆ ಸುಮಾರು ಮೂರು ಗಂಟೆ. ಹದಿನಾಲ್ಕಾದರೆ ನಾಲ್ಕು ದಾಟಿತು. ನರಿ ನೀರಿಗೆ ಬರುವ ಮೊದಲೇ ನಾವು ಹೊರಡಬೇಕು."

ಚುಂಚಿಗೆ ಇನ್ನೂ ಮೀನಿನ ಆಸೆ. ಕತ್ತು ಮಡಚಿ, ಕುಗ್ಗಿ ನಿಂತು ಅಳೆದಳು.

"ಏಳೇ ಪಾದ ಅಜ್ಜಿ! ಬೇಕಾದಷ್ಟು ಹೊತ್ತಿದೆ."

"ನೀನು ಕುಗ್ಗಿದರೆ ಸೂರ್ಯ ಹಿಂದಕ್ಕೆ ಹೋಗುತ್ತಾನೇನೇ?" ಅಜ್ಜಿ ನಕ್ಕಳು.

"ನಿನ್ನ ನೆರಳೂ ಗಿಡ್ಡವಾಗೇ ಇದೆಯಲ್ಲ!"

"ಹೌದು ಕೂಸೇ. ನನ್ನ ಕತ್ತು ಬಾಗಿ ಎರಡು ಮಳೆಗಾಲವಾಯಿತು, ಇನ್ನು ನೆಟ್ಟಗಾಗುವುದಿಲ್ಲ. ನನ್ನ ನೆರಳನ್ನು ನಂಬಿ ಕೂತರೆ ನರಿಯ ಬಾಯಿಗೆ ಬೀಳುತ್ತೇನೆ. ಅದಕ್ಕೇ ನಿನಗೆ ಕಲಿಸಿದ್ದು."

ಚುಂಚಿ ಕತ್ತನ್ನು ಪೂರ್ತಿ ಚಾಚಿ, ನೆಟ್ಟಗೆ ನಿಂತು, ಮತ್ತೆ ಅಳೆದಳು.

"ಹದಿನಾಲ್ಕು. ಬಾ ಅಜ್ಜಿ, ಹೋಗೋಣ," ಎಂದವಳು ಅಜ್ಜಿಯ ಪಕ್ಕದಲ್ಲೇ, ಅಜ್ಜಿಯಷ್ಟೇ ನಿಧಾನವಾಗಿ ಹಾರಿದಳು.